ಆಷಾಢ ಬಂತು, ಸಲೂನ್ ಖಾಲಿ. ಸಪ್ಲೈಯರ್‌ಗೆ ಟೈಮ್ ಕೇಳಿ ಪತ್ರ ಬರೆಯೋದು ಹೇಗೆ?

ಸಾಗರದ ಪಾರ್ಲರ್
ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನನ್ನದೊಂದು ಸಣ್ಣ ಲೇಡೀಸ್ ಸಲೂನ್ ಇದೆ. ಇಬ್ಬರು ಹುಡುಗಿಯರು ಕೆಲಸಕ್ಕಿದ್ದಾರೆ. ಹೇರ್ ಕಲರ್, ಡೆವಲಪರ್, ಸ್ಮೂತನಿಂಗ್ ಕ್ರೀಮ್, ಫೇಶಿಯಲ್ ಕಿಟ್, ವ್ಯಾಕ್ಸ್ ಎಲ್ಲ ಶಿವಮೊಗ್ಗದ ಒಬ್ಬರೇ ಡಿಸ್ಟ್ರಿಬ್ಯೂಟರ್ ಹತ್ತಿರ ತೆಗೆದುಕೊಳ್ಳುತ್ತೇನೆ, 30 ದಿನದ ಕ್ರೆಡಿಟ್. ಇಷ್ಟು ವರ್ಷ ತೊಂದರೆ ಆಗಿಲ್ಲ.

ಈಗ ಆಷಾಢ ಬಂತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮೇಲಿಂದ ಮಳೆ. ಹಳ್ಳಿ ಕಡೆಯವರು ಪೇಟೆಗೆ ಬರೋದೇ ಕಡಿಮೆ. ಬಾಕಿ ಹೀಗಿದೆ: ಮೇ 12ರ ಬಿಲ್ 46,000, ಅದರಲ್ಲಿ 20,000 ಕಟ್ಟಿದ್ದೇನೆ. ಮೇ 28ರದು 38,000. ಜೂನ್ 10ರದು 28,000. ಒಟ್ಟು 92,000. ಸೇಲ್ಸ್‌ಮನ್ ದಿನಾ ಫೋನ್ ಮಾಡುತ್ತಿದ್ದಾನೆ. ಮಾಲೀಕರಿಗೇ ಒಂದು ಪತ್ರ ಕೊಡೋಣ ಅಂತ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ಮಾನ್ಯರೇ, ತಮಗೆ ತಿಳಿದಿರುವಂತೆ ಮಳೆಗಾಲದಲ್ಲಿ ನಮ್ಮ ವ್ಯಾಪಾರ ತೀರಾ ಕಡಿಮೆ. ಮನೆಯಲ್ಲಿ ಖರ್ಚು ಜಾಸ್ತಿ, ಮಕ್ಕಳ ಶಾಲೆ ಫೀಸು ಬೇರೆ ಬಂದಿದೆ. ದಯವಿಟ್ಟು ಸ್ವಲ್ಪ ಸಮಯ ಕೊಡಬೇಕು. ಪರಿಸ್ಥಿತಿ ಸುಧಾರಿಸಿದ ತಕ್ಷಣ ಖಂಡಿತ ಎಲ್ಲ ಬಾಕಿ ತೀರಿಸುತ್ತೇನೆ. ಇಂತಿ ತಮ್ಮ ವಿಶ್ವಾಸಿ."

ಹೊಸನಗರದ ಹುಡುಗ
ಪತ್ರ ಎಂತಕ್ಕೆ ಅಕ್ಕಾ. ಸೇಲ್ಸ್‌ಮನ್‌ಗೆ ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕಿ, ಅವನೇ ಅಡ್ಜಸ್ಟ್ ಮಾಡುತ್ತಾನೆ.

ಭದ್ರಾವತಿ ಕಟಿಂಗ್
ನಾನು ಮುದ್ರಾ ಸಾಲಕ್ಕೆ ಹಾಕಿದ್ದೆ. ಮ್ಯಾನೇಜರ್ ಎರಡು ಸಲ ಅಂಗಡಿ ನೋಡೋಕೆ ಬರುತ್ತೇನೆ ಅಂದರು, ಬರಲಿಲ್ಲ. ಆಮೇಲೆ ಕೊಟೇಶನ್ ತನ್ನಿ ಅಂದರು. ನೀವು ಬೇರೆ ಬ್ರಾಂಚಲ್ಲಿ ಕೇಳಿ ಮೇಡಂ. ಕುರ್ಚಿ, ಕನ್ನಡಿಗೆ ಆದರೆ ಬೇಗ ಕೊಡುತ್ತಾರೆ.

ಸಾಗರದ ಪಾರ್ಲರ್
ಅಣ್ಣಾ, ನಾನು ಬ್ಯಾಂಕ್ ಸಾಲ ಕೇಳುತ್ತಿಲ್ಲ. ಮಾಲು ಕೊಟ್ಟವರ ಹತ್ತಿರ ಟೈಮ್ ಕೇಳುತ್ತಿದ್ದೇನೆ.

ಹಳೇ ಡಿಸ್ಟ್ರಿಬ್ಯೂಟರ್
ನಾನು ಈ ಲೈನಲ್ಲೇ ಇದ್ದವನು. ಕಾಸ್ಮೆಟಿಕ್ಸ್ ಏಜೆನ್ಸಿ ನಡೆಸುತ್ತಿದ್ದೆ, ಈಗ ಬಿಟ್ಟಿದ್ದೇನೆ. ಮೇಜಿನ ಆ ಕಡೆ ಕೂತವರಿಗೆ ಈ ಪತ್ರ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ತಂಗಿ.

ನಿಮ್ಮ ಪತ್ರದಲ್ಲಿ ತಾರೀಖೂ ಇಲ್ಲ, ಮೊತ್ತವೂ ಇಲ್ಲ. "ಪರಿಸ್ಥಿತಿ ಸುಧಾರಿಸಿದ ತಕ್ಷಣ" ಅಂದರೆ ಯಾವಾಗ? ನಾವು ಕಂಪನಿಗೆ ಮಾಲು ಲೋಡ್ ಆಗುವ ಮುಂಚೆಯೇ ದುಡ್ಡು ಹಾಕಬೇಕಿತ್ತು. ಅದಕ್ಕೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ, ಅದಕ್ಕೆ ತಿಂಗಳ ಬಡ್ಡಿ. ನೀವು 30 ದಿನದ ದುಡ್ಡನ್ನು 120 ದಿನಕ್ಕೆ ಕೊಟ್ಟರೆ ಮೂರು ತಿಂಗಳ ಬಡ್ಡಿ ನಮ್ಮ ಮಾರ್ಜಿನ್ನಿಂದ ಹೋಯಿತು. ಹಾಗಾಗಿ ಶಾಲೆ ಫೀಸು ಓದಿದರೆ ಪಾಪ ಅನಿಸುತ್ತದೆ, ಆದರೆ ಕೈ ಹೋಗೋದು ಲೆಡ್ಜರ್ ಕಡೆಗೇ. ಈ ಪಾರ್ಟಿ ಹೋದ ವರ್ಷ ಹೇಗೆ ಕಟ್ಟಿದ್ದರು, ಎಷ್ಟು ಸಲ ಚೆಕ್ ವಾಪಸ್ ಬಂತು, ಅಷ್ಟೇ ನೋಡುತ್ತಿದ್ದೆ.

ಇನ್ನೊಂದು ವಿಷಯ. ಸೇಲ್ಸ್‌ಮನ್ ಹತ್ತಿರ ಹೇಳಿದರೆ ಕೆಲಸ ಆಗುವುದಿಲ್ಲ. ಅವನಿಗೆ ಕಲೆಕ್ಷನ್ ಟಾರ್ಗೆಟ್ ಇರುತ್ತದೆ, ನಿಮ್ಮ ಕಷ್ಟವನ್ನು ಮೇಲೆ ಹೇಳಿದರೆ ಅವನಿಗೇ ಬೈಗುಳ. ಅದಕ್ಕೆ ಅವನು "ಮೇಡಂ ಮುಂದಿನ ವಾರ ಕೊಡುತ್ತಾರೆ" ಅಂತ ಸುಮ್ನೆ ತೇಲಿಸುತ್ತಾನೆ. ಮಾಲೀಕರ ಕಣ್ಣಿಗೆ ನೀವು ಮಾತು ತಪ್ಪಿದ ಪಾರ್ಟಿ ಆಗುತ್ತೀರಿ. ಆಮೇಲೆ ಒಂದು ದಿನ ಕಲರ್ ಟ್ಯೂಬ್ ಕೇಳಿದರೆ "ಸ್ಟಾಕ್ ಇಲ್ಲ" ಅಂತ ಬರುತ್ತದೆ. ಪಕ್ಕದ ಬೀದಿಯ ಸಲೂನ್‌ಗೆ ಅದೇ ಶೇಡ್ ಅದೇ ದಿನ ಹೋಗಿರುತ್ತದೆ. ಅಲ್ಲಿಗೆ ನಿಮ್ಮ ಹೆಸರು ಹೋಲ್ಡ್ ಲಿಸ್ಟಿಗೆ ಬಿತ್ತು ಅಂತ ತಿಳಿಯಿರಿ.

ಎರಡು ಪ್ರಶ್ನೆ. ಈ 92,000ದ ಮಾಲಲ್ಲಿ ಸೀಲ್ ಒಡೆಯದೆ ಎಷ್ಟು ಉಳಿದಿದೆ? ಮತ್ತೆ ಹೋದ ಆಷಾಢದಲ್ಲಿ ಗಲ್ಲಾಪೆಟ್ಟಿಗೆಗೆ ಎಷ್ಟು ಬಂತು?

ಲಾ ಪಾಯಿಂಟ್
ಯಾರೂ ಮುಖ್ಯ ವಿಷಯ ಹೇಳುತ್ತಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನದ ಒಳಗೆ ಪೇಮೆಂಟ್ ಮಾಡಲೇಬೇಕು ಅಂತ ಕಾನೂನೇ ಇದೆ. ಮೀರಿದರೆ ಚಕ್ರಬಡ್ಡಿ. ಒಪ್ಪಂದ ಮಾಡಿಕೊಂಡರೂ 45 ದಿನದ ಮೇಲೆ ಹೋಗುವಂತಿಲ್ಲ. ಹಾಗಾಗಿ ನಾಲ್ಕು ತಿಂಗಳು ಕೇಳಿ ಪತ್ರ ಬರೆಯೋದೇ ತಪ್ಪು. ನಿಮ್ಮ ವಿರುದ್ಧ ನೀವೇ ಸಾಕ್ಷಿ ಬರೆದುಕೊಟ್ಟ ಹಾಗೆ.

ಖಾತೆ ಕಿರ್ದಿ
ಅರ್ಧ ಸರಿ ಸರ್. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನದ ಮಿತಿ ಇರುವುದು ನಿಜ. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನವೇ. ಆದರೆ ಆ ರಕ್ಷಣೆ ಇರುವುದು ಮಾಲು ತಯಾರಿಸುವ ಅಥವಾ ಸೇವೆ ಕೊಡುವ ಕಿರು, ಸಣ್ಣ ಉದ್ಯಮಗಳಿಗೆ. 2021ರಲ್ಲಿ ಸಗಟು, ಚಿಲ್ಲರೆ ವ್ಯಾಪಾರಿಗಳನ್ನೂ ಉದ್ಯಮ್ ನೋಂದಣಿಗೆ ಸೇರಿಸಿದರು, ಅದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಇವರ ಡಿಸ್ಟ್ರಿಬ್ಯೂಟರ್ ಬರೀ ಕೊಂಡು ಮಾರುವವರು, ಅಂದ ಮೇಲೆ ಆ 45 ದಿನ ಇವರಿಗೆ ತಾಗುವುದಿಲ್ಲ. ಹರ್ಬಲ್ ಪೌಡರ್ ಮಾಡುವ ಸಣ್ಣ ಘಟಕದಿಂದ ನೇರ ತಂದಿದ್ದರೆ ಆಗ ಯೋಚನೆ ಮಾಡಬೇಕಿತ್ತು.

ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ಮೇಡಂ, ಬಿಲ್ಲಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬಡ್ಡಿ ಪ್ರಿಂಟ್ ಆಗಿದೆಯಾ ನೋಡಿ.

ಲಾ ಪಾಯಿಂಟ್
ಟ್ರೇಡರ್ ಅಂತ ನಿಮಗೆ ಹೇಗೆ ಗೊತ್ತು? ಈಗ ತುಂಬ ಜನ ಸ್ವಂತ ಬ್ರಾಂಡ್ ಕೂಡ ಮಾಡುತ್ತಾರೆ.

ಖಾತೆ ಕಿರ್ದಿ
ಅದಕ್ಕೇ "ಕೊಂಡು ಮಾರುವವರು" ಅಂದಿದ್ದು. ಮೇಡಂ ಹೇಳಲಿ.

ಸಾಗರದ ಪಾರ್ಲರ್
ಬರೀ ಡಿಸ್ಟ್ರಿಬ್ಯೂಟರ್, ಸ್ವಂತದ್ದು ಏನೂ ಮಾಡುವುದಿಲ್ಲ. ಬಿಲ್ಲಿನ ಅಡಿಯಲ್ಲಿ "ಅವಧಿ ಮೀರಿದರೆ ವರ್ಷಕ್ಕೆ 24% ಬಡ್ಡಿ" ಅಂತ ಇದೆ! ಇಷ್ಟು ದಿನ ಯಾರೂ ಹಾಕಿಲ್ಲ.

ಅಣ್ಣ ಕೇಳಿದ್ದಕ್ಕೆ: ಮೇ 28ರಂದು ಸ್ಮೂತನಿಂಗ್ ಕ್ರೀಮ್ ಸ್ಕೀಮಲ್ಲಿ ಕೊಟ್ಟರು. 20 ತೆಗೆದುಕೊಂಡರೆ 4 ಫ್ರೀ, ಒಂದಕ್ಕೆ 1,500. ಮದುವೆ ಸೀಸನ್ ಅಂತ ಸೇಲ್ಸ್‌ಮನ್ ಬಿಡಲೇ ಇಲ್ಲ. ಎಂಟು ಖರ್ಚಾಗಿದೆ, 16 ಸೀಲ್ ಹಾಗೇ ಇದೆ. ಅಂದರೆ 24,000ದ ಮಾಲು ಕಪಾಟಲ್ಲಿದೆ. ಹೋದ ಆಷಾಢದಲ್ಲಿ ತಿಂಗಳಿಗೆ 85,000 ಆಗಿತ್ತು, ಈ ಮೇ ತಿಂಗಳಲ್ಲಿ 1,60,000. ಬಾಡಿಗೆ 15,000, ಇಬ್ಬರ ಸಂಬಳ 34,000, ಕರೆಂಟು ಗಿರೆಂಟು 6,000, ದಿನನಿತ್ಯದ ಮಾಲು ಅಂತ ಒಂದು 12,000 ಬೇಕೇ ಬೇಕು.

ಹಳೇ ಡಿಸ್ಟ್ರಿಬ್ಯೂಟರ್
ಅಂದರೆ ಎಲ್ಲ ಕಳೆದು 18,000 ಉಳಿಯುತ್ತದೆ, ಅದರಲ್ಲೇ ಮನೆಯೂ ನಡೆಯಬೇಕು. ಹಾಗಾದರೆ ಮಳೆಗಾಲದಲ್ಲಿ ಒಂದು ಕಂತಿಗೆ 12,000ದ ಮೇಲೆ ಮಾತು ಕೊಡಬೇಡಿ. 20,000 ಅಂತ ಬರೆದು 8,000 ಕೊಟ್ಟರೆ ಪತ್ರ ಬರೆಯದೇ ಇದ್ದದ್ದೇ ಮೇಲು ಅನಿಸಿಬಿಡುತ್ತದೆ.

ಕಪಾಟಲ್ಲಿರುವುದು 24,000ದ ಮಾಲಲ್ಲ ತಂಗಿ. ವಾಪಸ್ ಅಂದ ತಕ್ಷಣ ಅವರು ಫ್ರೀ ಕೊಟ್ಟದ್ದನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. 30,000ಕ್ಕೆ ನಿಮಗೆ 24 ಬಂದಿವೆ, ಒಂದಕ್ಕೆ 1,250 ಬಿತ್ತು. ಪತ್ರದಲ್ಲಿ ನೀವೇ 1,250 ಅಂತ ಬರೆದರೆ ಆ ಜಗಳ ಹುಟ್ಟುವುದೇ ಇಲ್ಲ. ಶ್ರಾವಣಕ್ಕೆ ನಾಲ್ಕು ಇಟ್ಟುಕೊಂಡು 12 ವಾಪಸ್ ಕೊಡಿ, 15,000 ಇಳಿಯುತ್ತದೆ. ದುಡ್ಡು ವಾಪಸ್ ಕೇಳಬೇಡಿ, ಕ್ರೆಡಿಟ್ ನೋಟ್ ಕೇಳಿ, ಅದೇ ಮೇ 28ರ ಬಿಲ್ಲಿಗೆ ಹಾಕಲಿ. ಬಾಕ್ಸ್ ಮೇಲೆ ಪೆನ್ನಲ್ಲಿ ಬರೆದಿದ್ದರೆ, ಸೀಲ್ ಎದ್ದಿದ್ದರೆ, ಎಕ್ಸ್‌ಪೈರಿ ಹತ್ತಿರ ಇದ್ದರೆ ತೆಗೆದುಕೊಳ್ಳುವುದಿಲ್ಲ. ಬ್ಯಾಚ್ ನಂಬರ್ ಕಾಣುವ ಹಾಗೆ ಫೋಟೋ ಕಳಿಸಿ.

ಒಡೆದ ಬ್ಲೀಚ್ ಪೌಡರ್, ಅರ್ಧ ಟ್ಯೂಬ್ ಕಲರ್ ಎಲ್ಲ ವಾಪಸ್ ಕೇಳಲೇಬೇಡಿ. ನಮ್ಮ ಮಳೆಗೆ ಡಬ್ಬಿ ಮುಚ್ಚಳ ಸಡಿಲ ಇದ್ದರೂ ಸಾಕು, ಪೌಡರ್ ಗಂಟು ಕಟ್ಟುತ್ತದೆ. ಒಬ್ಬರು ಅಂಥದ್ದನ್ನೇ ಸೆಲ್ಲೋಟೇಪ್ ಹಾಕಿ ಕಳಿಸಿದ್ದರು ಮಾರಾಯ್ರೆ, ಟೇಪ್ ಒಳಗೆ ಕೂದಲು ಅಂಟಿಕೊಂಡಿತ್ತು.

ತೀರ್ಥಹಳ್ಳಿ ತೋಟ
ನಾನು ಸಲೂನ್‌ನವನಲ್ಲ, ಅಡಿಕೆಯವನು. ಆದರೆ ನಿಮ್ಮ ಗಿರಾಕಿಗಳು ನಮ್ಮ ಮನೆ ಹೆಂಗಸರೇ ಅಲ್ವಾ, ಅದಕ್ಕೆ ಹೇಳುತ್ತಿದ್ದೇನೆ. ಜೂನಲ್ಲಿ ನಮ್ಮ ದುಡ್ಡೆಲ್ಲ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿಗೆ ಹೋಗುತ್ತದೆ. ಮಳೆ ಬಿಡದಿದ್ದರೆ ಕೊಳೆ ಬರುತ್ತದೆ ಅಂತ ಎರಡನೇ ಸಲವೂ ಹೊಡೆಯಬೇಕು. ಕೈಯಲ್ಲಿ ದುಡ್ಡು ಆಡುವುದು ಕೊಯ್ಲು ಶುರುವಾಗಿ ಅಡಿಕೆ ಮಂಡಿಗೆ ಹೋದ ಮೇಲೆ. ನೀವು ಗಣಪತಿ ಹಬ್ಬ ಆದ ತಕ್ಷಣ ದೊಡ್ಡ ಕಂತು ಅಂತ ಬರೆದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಹಬ್ಬದ ಹಿಂದೆಯೇ ಪಿತೃಪಕ್ಷ, ಮತ್ತೆ ಹದಿನೈದು ದಿನ ಶುಭಕಾರ್ಯ ಇಲ್ಲ. ನವರಾತ್ರಿ ದಾಟಿ ದೀಪಾವಳಿ ಕಡೆಗೆ ತಳ್ಳಿ.

ಅಂದಹಾಗೆ ಆಗುಂಬೆ ಕಡೆ ಮಳೆ ಹೇಗಿದೆ? ಇಲ್ಲಿ ಮೂರು ದಿನದಿಂದ ಕರೆಂಟಿಲ್ಲ, ಕಾರಲ್ಲಿ ಮೊಬೈಲ್ ಚಾರ್ಜ್ ಮಾಡಿ ಇದನ್ನು ಬರೆಯುತ್ತಿದ್ದೇನೆ.

ಹೊಸನಗರದ ಹುಡುಗ
ಇಲ್ಲೂ ಅಷ್ಟೇ. ಗಾಳಿಗೆ ನಮ್ಮ ಮನೆ ಹಿಂದಿನ ಮಾವಿನ ಮರ ಲೈನ್ ಮೇಲೆ ಬಿದ್ದಿದೆ. ಲೈನ್‌ಮನ್ ಫೋನ್ ಎತ್ತುತ್ತಿಲ್ಲ.

ಮಲ್ನಾಡ್ ಬ್ಯೂಟಿ
ಪಿತೃಪಕ್ಷದ ಮಾತು ನೂರಕ್ಕೆ ನೂರು ನಿಜ. ಆ ಹದಿನೈದು ದಿನ ನಾವು ಐಬ್ರೋ ಬಿಟ್ಟರೆ ಬೇರೆ ಕೆಲಸ ನೋಡುವುದಿಲ್ಲ.

ಆದರೆ ನನ್ನದೊಂದು ತಕರಾರು. ನೀವೆಲ್ಲ ಅವಳೇ ತಗ್ಗಿ ಬಗ್ಗಿ ಬರೆಯಬೇಕು ಅನ್ನುತ್ತಿದ್ದೀರಿ. ಜೂನ್ ಕೊನೆಗೆ ಕ್ವಾರ್ಟರ್ ಟಾರ್ಗೆಟ್ ಅಂತ ಮೇ ತಿಂಗಳಲ್ಲೇ ಸ್ಕೀಮ್ ತೋರಿಸಿ ಮಾಲು ತುಂಬುವವರು ಯಾರು? ಮಳೆಗಾಲದಲ್ಲಿ ಸ್ಮೂತನಿಂಗ್ ಓಡುವುದಿಲ್ಲ ಅಂತ ಅವರಿಗೆ ಗೊತ್ತಿಲ್ಲವಾ? ಮಾಡಿಸಿಕೊಂಡವರು ಮೂರು ದಿನ ಕೂದಲಿಗೆ ನೀರು ತಾಗಿಸಬಾರದು ಅನ್ನುತ್ತೇವೆ. ನಮ್ಮೂರಲ್ಲಿ ಜುಲೈಯಲ್ಲಿ ಅದು ಆಗುವ ಮಾತಾ? ಅದನ್ನೂ ಪತ್ರದಲ್ಲಿ ಬರೆಯಲಿ.

ಹಳೇ ಡಿಸ್ಟ್ರಿಬ್ಯೂಟರ್
ಬರೆಯಬಹುದು, ಆದರೆ ದೂರಿನ ಹಾಗೆ ಬೇಡ. "ಸ್ಕೀಮಿನ ಮಾಲು ಮಳೆಗಾಲಕ್ಕೆ ಉಳಿಯಿತು" ಅಂದರೆ ಸಾಕು, ಅವರಿಗೆ ಅರ್ಥ ಆಗುತ್ತದೆ. ಟಾರ್ಗೆಟ್ ವಿಷಯ ನೀವು ಹೇಳಿದ್ದು ಸರಿ, ಅದನ್ನೇ ಉಪಯೋಗಿಸಿಕೊಳ್ಳಿ. ಜೂನ್ 30ರ ಒಳಗೆ ಅವರಿಗೆ ಕಲೆಕ್ಷನ್ ಬೇಕು. ಮೊದಲ ಕಂತು ಜುಲೈಗೆ ತಳ್ಳಬೇಡಿ, ಮೇ ತಿಂಗಳ ದುಡ್ಡಲ್ಲಿ ಉಳಿದಿದ್ದರೆ ಜೂನ್ 28ಕ್ಕೇ 12,000 ಕೊಟ್ಟುಬಿಡಿ. ಆ ವಾರ ಬರುವ 12,000ಕ್ಕೆ ಇರುವ ಬೆಲೆ ಜುಲೈಯಲ್ಲಿ ಇರುವುದಿಲ್ಲ.

ಪತ್ರ ಹೀಗಿರಲಿ. ಲೆಟರ್‌ಹೆಡ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಅಂಗಡಿ ಸೀಲ್ ಹಾಕಿ:

"ಮಾಲೀಕರಿಗೆ,

ವಿಷಯ: ಮೇ–ಜೂನ್ ತಿಂಗಳ ಮೂರು ಬಿಲ್‌ಗಳ ಪಾವತಿಗೆ ಅಕ್ಟೋಬರ್ 25ರವರೆಗೆ ಕಾಲಾವಕಾಶ ಕೋರಿ.

ಮಾನ್ಯರೇ,

ನಿಮ್ಮ ಮೂರು ಬಿಲ್‌ಗಳಲ್ಲಿ ನಮ್ಮಿಂದ ಬರಬೇಕಾದ ಬಾಕಿ: ಮೇ 12ರ ಬಿಲ್‌ನಲ್ಲಿ 26,000, ಮೇ 28ರ ಬಿಲ್ 38,000, ಜೂನ್ 10ರ ಬಿಲ್ 28,000. ಒಟ್ಟು 92,000 ರೂ. ನಿಮ್ಮ ಲೆಕ್ಕದಲ್ಲಿ ವ್ಯತ್ಯಾಸ ಇದ್ದರೆ ತಿಳಿಸಿ.

ಆಷಾಢ ಮತ್ತು ಮಳೆಯಿಂದಾಗಿ ಹೋದ ವರ್ಷ ಈ ತಿಂಗಳುಗಳಲ್ಲಿ ನಮ್ಮ ವ್ಯಾಪಾರ ಮೇ ತಿಂಗಳ ಅರ್ಧದಷ್ಟಕ್ಕೆ ಇಳಿದಿತ್ತು. ಈ ವರ್ಷವೂ ಅದೇ ಲೆಕ್ಕದಲ್ಲಿ ಕೆಳಗಿನಂತೆ ಕಟ್ಟಲು ಸಾಧ್ಯ.

ಮೇ 28ರ ಸ್ಕೀಮಿನ ಸ್ಮೂತನಿಂಗ್ ಕ್ರೀಮ್ 12 ಬಾಕ್ಸ್ ಸೀಲ್ ಒಡೆಯದೆ ಇವೆ. ಫ್ರೀ ಮಾಲು ಸೇರಿಸಿ ಒಂದಕ್ಕೆ 1,250ರಂತೆ 15,000 ರೂ.ಗೆ ಅದೇ ಬಿಲ್ಲಿಗೆ ಕ್ರೆಡಿಟ್ ನೋಟ್ ಕೊಡಬೇಕಾಗಿ ವಿನಂತಿ. ಉಳಿಯುವ 77,000 ರೂ.ಗಳನ್ನು ಜೂನ್ 28ಕ್ಕೆ 12,000, ಆಗಸ್ಟ್ 5ಕ್ಕೆ 12,000, ಸೆಪ್ಟೆಂಬರ್ 20ಕ್ಕೆ 15,000, ಅಕ್ಟೋಬರ್ 25ಕ್ಕೆ 38,000 ಹೀಗೆ ಕಟ್ಟುತ್ತೇವೆ. ಪ್ರತಿ ಕಂತನ್ನೂ ಹಳೆಯ ಬಿಲ್ಲಿಗೆ ಮೊದಲು ಜಮಾ ಮಾಡಿಕೊಳ್ಳಿ.

ಈ ಅವಧಿಯಲ್ಲಿ ಹೊಸದಾಗಿ ತೆಗೆದುಕೊಳ್ಳುವ ಮಾಲಿಗೆ ನಗದು ಕೊಡುತ್ತೇವೆ, ಸ್ಕೀಮ್ ಕೇಳುವುದಿಲ್ಲ. ಬಾಕಿ ಇದೆ ಎಂದು ಮಾಲು ನಿಲ್ಲಿಸಬಾರದು, ಮೇಲಿನ ತಾರೀಖುಗಳಿಗೆ ಕಟ್ಟಿದರೆ ಬಿಲ್ಲಿನಲ್ಲಿರುವ ಬಡ್ಡಿ ಹಾಕಬಾರದು ಎಂದು ಕೋರುತ್ತೇವೆ. ನವೆಂಬರ್‌ನಿಂದ ಮೊದಲಿನಂತೆ 30 ದಿನದ ಲೆಕ್ಕವೇ ಇರಲಿ.

ಒಪ್ಪಿಗೆ ಇದ್ದರೆ ಈ ಪತ್ರದ ಪ್ರತಿಯಲ್ಲಿ ಸಹಿ ಮಾಡಿ ಅಥವಾ ವಾಟ್ಸಾಪ್‌ನಲ್ಲಿ ತಿಳಿಸಿ."

ಅಷ್ಟೇ. ಫೀಸು, ಮನೆ ಖರ್ಚು ಬೇಡ. ಕೊನೆಯ ಕಂತು ದೊಡ್ಡದಾಯಿತು, ಅದನ್ನು ಅವರು ಪ್ರಶ್ನೆ ಮಾಡೇ ಮಾಡುತ್ತಾರೆ. ಉತ್ತರ ರೆಡಿ ಇಟ್ಟುಕೊಳ್ಳಿ.

ಮಲ್ನಾಡ್ ಬ್ಯೂಟಿ
"ಸ್ಕೀಮ್ ಕೇಳುವುದಿಲ್ಲ" ಅಂತ ಯಾಕೆ ಬರೆಯಬೇಕು? ನಗದು ಕೊಟ್ಟು ತೆಗೆದುಕೊಳ್ಳುವವರಿಗೆ ಸ್ಕೀಮ್ ಜಾಸ್ತಿ ಸಿಗಬೇಕು, ಕಡಿಮೆಯಲ್ಲ. ನಾನಾದರೆ ಆ ಮಾತು ತೆಗೆಯುತ್ತೇನೆ.

ಹಳೇ ಡಿಸ್ಟ್ರಿಬ್ಯೂಟರ್
ನಾಲ್ಕು ತಿಂಗಳ ಬಡ್ಡಿ ಅವರು ಬಿಡುವಾಗ ನಮ್ಮ ಕಡೆಯಿಂದಲೂ ಏನಾದರೂ ಬಿಟ್ಟ ಹಾಗೆ ಕಾಣಬೇಕಲ್ಲ.

ಮಲ್ನಾಡ್ ಬ್ಯೂಟಿ
ಡಿಸ್ಟ್ರಿಬ್ಯೂಟರ್ ಬುದ್ಧಿ ಎಲ್ಲಿ ಹೋಗುತ್ತದೆ 😀

ಸಾಗರದ ಪಾರ್ಲರ್
ಪತ್ರ ಕೊಟ್ಟು ಬಂದೆ. ಮಾಲೀಕರು ಪೂರ್ತಿ ಓದಿದರು. 12 ಬಾಕ್ಸ್ ವಾಪಸ್‌ಗೆ ಒಪ್ಪಿದರು, 1,250 ನೋಡಿ "ಇದನ್ನು ಯಾರು ಹೇಳಿಕೊಟ್ಟರು ಮೇಡಂ" ಅಂತ ನಕ್ಕರು. ಬಡ್ಡಿ ಬಿಟ್ಟಿದ್ದಾರೆ. ಆದರೆ ಬರೀ ಮಾತು ಸಾಲದು, ನಾಲ್ಕಕ್ಕೂ ಮುಂಗಡ ಚೆಕ್ ಕೊಡಿ ಅನ್ನುತ್ತಿದ್ದಾರೆ. ಅದೂ ತಾರೀಖು ಹಾಕದೆ ಸಹಿ ಮಾಡಿ ಕೊಡಬೇಕಂತೆ. ಏನು ಮಾಡಲಿ?

ಹೊಸನಗರದ ಹುಡುಗ
ಕೊಡಿ ಅಕ್ಕ, ಏನಾಗುತ್ತದೆ. ದುಡ್ಡಿಲ್ಲದಿದ್ದರೆ ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಹಾಕಿಸಿ.

ಖಾತೆ ಕಿರ್ದಿ
ತಮ್ಮಾ, ಇಂಥ ಸಲಹೆ ಕೊಡಬೇಡ. ಬಾಕಿ ನಿಜವಾಗಿ ಇರುವಾಗ ಸ್ಟಾಪ್ ಪೇಮೆಂಟ್ ಮಾಡಿದರೂ ಅದು ಚೆಕ್ ಬೌನ್ಸ್ ಕೇಸೇ. ಬ್ಯಾಂಕಿನಿಂದ ವಾಪಸ್ ಬಂದದ್ದು ಗೊತ್ತಾದ 30 ದಿನದೊಳಗೆ ಅವರು ನೋಟಿಸ್ ಕಳಿಸಬಹುದು. ನೋಟಿಸ್ ಸಿಕ್ಕ 15 ದಿನದಲ್ಲಿ ಕಟ್ಟದಿದ್ದರೆ ಮುಂದಿನದು ಕೋರ್ಟ್.

ಮೇಡಂ, ತಾರೀಖಿಲ್ಲದ ಚೆಕ್ ಬೇಡ. ಅದನ್ನು ನಾಳೆಯೇ ಹಾಕಬಹುದು. ಕೊಡುವುದಾದರೆ ತಾರೀಖು, ಮೊತ್ತ, ಅವರ ಫರ್ಮ್ ಹೆಸರು ಎಲ್ಲ ನೀವೇ ತುಂಬಿ, ಕ್ರಾಸ್ ಮಾಡಿ ಅಕೌಂಟ್ ಪೇಯಿ ಬರೆದು ಕೊಡಿ. ಚೆಕ್‌ಗೆ ಮೂರು ತಿಂಗಳ ಅವಧಿ ಶುರುವಾಗುವುದು ಅದರ ಮೇಲಿನ ತಾರೀಖಿನಿಂದ, ಹಾಗಾಗಿ ಅಕ್ಟೋಬರ್ 25ರ ಚೆಕ್ಕನ್ನು ಈಗಲೇ ಕೊಟ್ಟರೂ ಹಾಳಾಗುವುದಿಲ್ಲ. ಚೆಕ್ ನಂಬರ್‌ಗಳನ್ನು ಪತ್ರದ ಎರಡೂ ಪ್ರತಿಯಲ್ಲಿ ಬರೆಯಿರಿ. ಯಾವುದಾದರೂ ಕಂತನ್ನು ಯುಪಿಐಯಲ್ಲಿ ಕಟ್ಟಿದರೆ ಆ ಚೆಕ್ ವಾಪಸ್ ಇಸಿದುಕೊಂಡೇ ಬನ್ನಿ. "ಹರಿದು ಹಾಕುತ್ತೇವೆ" ಅಂದರೆ ನಂಬಿ ಕೂರಬೇಡಿ.

ಲಾ ಪಾಯಿಂಟ್
ನಾನಾದರೆ ಒಂದು ಚೆಕ್ಕೂ ಕೊಡುವುದಿಲ್ಲ. ಪತ್ರ ಇದೆಯಲ್ಲ.

ಹಳೇ ಡಿಸ್ಟ್ರಿಬ್ಯೂಟರ್
ಪತ್ರ ಒಂದನ್ನೇ ನಂಬಿ ನಾನಂತೂ ನಾಲ್ಕು ತಿಂಗಳು ಬಿಡುತ್ತಿರಲಿಲ್ಲ. ನಡುವಿನ ದಾರಿ ಕೇಳಿ ನೋಡಿ ತಂಗಿ. 28ನೇ ತಾರೀಖು ಯುಪಿಐ ಮಾಡುತ್ತೀರಿ, ಆಗಸ್ಟ್ ಮತ್ತು ಸೆಪ್ಟೆಂಬರ್‌ಗೆ ತಾರೀಖು ಹಾಕಿದ ಚೆಕ್ ಕೊಡುತ್ತೀರಿ. 38,000ದ್ದು ಮಾತ್ರ ಸೆಪ್ಟೆಂಬರ್ ಕಂತು ಪಾಸಾದ ಮೇಲೆ ಕೊಡುತ್ತೇನೆ ಅನ್ನಿ. ಅಷ್ಟರಲ್ಲಿ ನವರಾತ್ರಿಯ ಬುಕಿಂಗ್ ಹೇಗಿದೆ ಅಂತ ನಿಮಗೂ ಗೊತ್ತಾಗಿರುತ್ತದೆ.

ಖಾತೆ ಕಿರ್ದಿ
ಅವರು ಒಪ್ಪುವುದು ಕಷ್ಟ. ಅರ್ಧದಷ್ಟು ಬಾಕಿ ಆ ಕೊನೆ ಕಂತಲ್ಲೇ ಇದೆ.

ಸಾಗರದ ಪಾರ್ಲರ್
ಸೋಮವಾರ ಬನ್ನಿ ಅಂದಿದ್ದಾರೆ, ಎರಡು ಚೆಕ್ ಬರೆದುಕೊಂಡು ಹೋಗುತ್ತೇನೆ. 38,000ವನ್ನು ಎರಡು ಮಾಡಿ, ಅಕ್ಟೋಬರ್ 25ಕ್ಕೆ 20,000, ನವೆಂಬರ್ 10ಕ್ಕೆ 18,000 ಅಂತ ಕೇಳಿದರೆ ಕೆಡುತ್ತದಾ? ತುಳಸಿ ಪೂಜೆ ಆದ ಮೇಲೆ ಮದುವೆ ಶುರು, ಈಗಲೇ ಎರಡು ಬ್ರೈಡಲ್ ವಿಚಾರಿಸಿದ್ದಾರೆ.

ಮಲ್ನಾಡ್ ಬ್ಯೂಟಿ
ಕೇಳಿ. ಆ ಬ್ರೈಡಲ್‌ಗೆ ಅಡ್ವಾನ್ಸ್ ತೆಗೆದುಕೊಂಡಿರಾ ಇಲ್ಲವಾ? ವಿಚಾರಿಸಿದವರೆಲ್ಲ ಬರುವುದಿಲ್ಲ ಕಣೇ, ನನಗೆ ಹೋದ ವರ್ಷ ಮೂವರು ಕೈಕೊಟ್ಟರು.

ತೀರ್ಥಹಳ್ಳಿ ತೋಟ
ಕರೆಂಟ್ ಬಂತು. ಮತ್ತೆ ಹೋಯಿತು.